ಸಾಲದ ಜೋಡಿ ಬಂದ ಆರೋಗ್ಯ ವಿಮಾ

ಮನಿ ಸಾಲ ಮಾಡಿದವರು ಯಾರರ ಇದ್ರ ಒಮ್ಮೆ ಆ ಸಾಲದ ಫೈಲು ಕೆಳಗ ಇಳಿಸಿ ನೋಡ್ರಿ. ಕಪಾಟಿನ ಮ್ಯಾಲಿನ ಖಣದಾಗ, ಬಂಗಾರದ ರಸೀದಿ, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೋಡಿ ಇರ್ತದಲ್ಲ, ಅದೇ ಫೈಲು. ಅದರಾಗ ನಡುವ ಎಲ್ಲೋ ಒಂದು ಎರಡು-ಮೂರು ಹಾಳಿ ಕಾಗದ ಇರ್ತಾವ. ಮ್ಯಾಲೆ ಬ್ಯಾಂಕಿನ ಹೆಸರಿರೂದಿಲ್ಲ, ಒಂದು ವಿಮಾ ಕಂಪನಿ ಹೆಸರಿರ್ತದ. 'ಸರ್ಟಿಫಿಕೇಟ್ ಆಫ್ ಇನ್ಶೂರನ್ಸ್' ಅಂತ ದಪ್ಪ ಅಕ್ಷರದಾಗ ಬರದಿರ್ತದ. ಕೆಲವರ ಮನ್ಯಾಗ ಕಾಗದನೂ ಇರೂದಿಲ್ಲ, ಗಂಡಸರ ಮೇಲ್‌ನ್ಯಾಗ ಬಂದು ಕೂತಿರ್ತದ, ಯಾರೂ ತಗದಿರೂದಿಲ್ಲ.

"ಏನದು?" ಅಂತ ಕೇಳಿದ್ರ ಎಲ್ಲಾರೂ ಒಂದೇ ಮಾತು ಹೇಳ್ತಾರ. "ಲೋನ್ ಜೋಡಿ ಹೆಲ್ತ್ ಇನ್ಶೂರನ್ಸ್ ಕೊಟ್ಟಾರ, ಐದು ಲಕ್ಷದ್ದು." ಕೊಟ್ಟಾರ ಅನ್ನೂ ಶಬ್ದ ಕೇಳಿದ್ರ ನನಗ ನಗು ಬರ್ತದ. ಕೊಟ್ಟಿರೂದಿಲ್ಲ, ಮಾರಿರ್ತಾರ. ಅದೂ ನಮ್ಮ ಸಾಲದ ರೊಕ್ಕದಾಗನ.

ನನ್ನ ತಂಗಿ ಮನಿಯೊಳಗ ಇದೇ ಐದು ಲಕ್ಷದ ಮಾತು ಎರಡು ವರ್ಷ ನಡೀತು. ಅವರು 2023ರಾಗ ಹುಬ್ಬಳ್ಳಿಯೊಳಗ ಮನಿ ತಗೊಂಡ್ರು, 15 ಲಕ್ಷ ಸಾಲ, 15 ವರ್ಷದ ಕಂತು. ಅವಳ ಯಜಮಾನ್ರದು ಸಣ್ಣ ಹಾರ್ಡ್‌ವೇರ್ ಅಂಗಡಿ, ನೌಕರಿ ಅಲ್ಲ, ಹಂಗಾಗಿ ಕಂಪನಿ ವಿಮಾ ಅಂತ ಏನೂ ಇರಲಿಲ್ಲ. ಬ್ಯಾಂಕಿನವರು ಐದು ಲಕ್ಷದ ವಿಮಾ ಅದ ಅಂದಾಗ ಅವರಿಗೆ ಸಮಾಧಾನನ ಆತು. ಬ್ಯಾರೆ ವಿಮಾ ಮಾಡಸ್ರಿ ಅಂತ ನಮ್ಮಣ್ಣ ಎರಡು ಸರ್ತಿ ಹೇಳಿದಾಗೂ, "ಒಂದು ಅದ ಅಲ್ಲ, ಎರಡೆರಡು ಯಾಕ" ಅಂದ್ರು. ನಮ್ಮಣ್ಣ ಮೂವತ್ತು ವರ್ಷ ವಿಮಾ ಆಫೀಸಿನ್ಯಾಗ ಕ್ಲಾರ್ಕ್ ಆಗಿದ್ದ. ನಾ ಇಲ್ಲಿ ಬರಿಯೂದು ಅರ್ಧ ಅವನ ಕಡಿಂದ ಕೇಳಿದ್ದು, ಅರ್ಧ ಆ ಕಾಗದ ಅಕ್ಷರ ಅಕ್ಷರ ಓದಿ ತಿಳಕೊಂಡದ್ದು.

2024ರ ದೀಪಾವಳಿ ಮುಗದ ಮ್ಯಾಲೆ ಒಂದಿನ ಅಂಗಡಿ ಶಟರ್ ಎತ್ತೂ ಮುಂದ ಅವರಿಗೆ ಎದಿ ಹಿಡಕೊಂಡಂಗಾತು. ದವಾಖಾನಿಗೆ ಒಯ್ದ್ರು, ಆಂಜಿಯೋಗ್ರಾಮ್ ಮಾಡಿದ್ರು, ಎರಡು ಕಡೆ ರಕ್ತನಾಳ ಭಾಳ ಕಟ್ಟೇದ ಅಂದ್ರು. ಎರಡು ಸ್ಟೆಂಟ್ ಹಾಕಿದ್ರು. ನಾಲ್ಕು ದಿನ ಇಟ್ಕೊಂಡು ಮನಿಗೆ ಕಳಿಸಿದ್ರು. ಬಿಲ್ 2,36,000 ರೂಪಾಯಿ. ಜೀವ ಉಳೀತು, ದೇವರು ದೊಡ್ಡಾಂವ. ತಂಗಿ ಆ ಸರ್ಟಿಫಿಕೇಟ್ ತಗೊಂಡು ದವಾಖಾನಿ ಕೌಂಟರ್‌ಗೆ ಹೋದ್ಲು. ಅಲ್ಲಿ ಕೂತ ಹುಡುಗಿ ನೋಡಿ, "ಇದಕ್ಕ ಕ್ಯಾಶ್‌ಲೆಸ್ ಇಲ್ರಿ ಆಂಟಿ, ನೀವು ರೊಕ್ಕ ಕಟ್ಟಿ ಆಮ್ಯಾಲೆ ಕ್ಲೇಮ್ ಹಾಕ್ರಿ" ಅಂದಳು. ತಂಗಿ ಎರಡು ಬಳಿ ಅಡಾ ಇಟ್ಟು ಬಿಲ್ ಕಟ್ಟಿದ್ಲು. ಆಮ್ಯಾಲೆ ಕ್ಲೇಮ್ ಹಾಕಿದ್ರು. ಎರಡು ತಿಂಗಳ ಮ್ಯಾಲೆ ಖಾತೆಗೆ ಬಂದದ್ದು 3,000 ರೂಪಾಯಿ.

ಹೌದ್ರಿ, ಮೂರು ಸಾವಿರ. ಸೊನ್ನಿ ಬಿಟ್ಟಿಲ್ಲ ನಾ.

ಇದು ಮೋಸ ಅಂತ ಎಲ್ಲಾರೂ ಒದರ್ಯಾಡಿದ್ರು. ಅಣ್ಣ ಮಾತ್ರ ಕಾಗದ ತರಿಸಿಕೊಂಡು ಓದಿ, "ಮೋಸ ಮಾರೂ ಮುಂದ ಆಗೇದ, ಕ್ಲೇಮ್‌ನ್ಯಾಗ ಆಗಿಲ್ಲ. ಕಾಗದದಾಗ ಬರದದ್ದನ್ನ ಕೊಟ್ಟಾರ" ಅಂದ. ಇದು ತಿಳೀಬೇಕಂದ್ರ ಆರೋಗ್ಯ ವಿಮಾದಾಗ ಎರಡು ಜಾತಿ ಇರೂದು ಗೊತ್ತಿರಬೇಕು.

ಒಂದು ಬಿಲ್ ಕೊಡೂ ವಿಮಾ. ನಾವು ಮೆಡಿಕ್ಲೇಮ್ ಅಂತೀವಲ್ಲ, ಅದು. ದವಾಖಾನ್ಯಾಗ ಎಷ್ಟು ಖರ್ಚು ಆತೋ ಅಷ್ಟು, ವಿಮಾ ಮೊತ್ತದ ಮಿತಿಯೊಳಗ, ಕಂಪನಿ ತುಂಬತದ. ಇನ್ನೊಂದು ಪಟ್ಟಿ ವಿಮಾ, ಇಂಗ್ಲಿಷ್‌ನ್ಯಾಗ 'ಕ್ರಿಟಿಕಲ್ ಇಲ್ನೆಸ್' ಅಂತಾರ. ಅದರಾಗ ದೊಡ್ಡ ರೋಗದ್ದು ಒಂದು ಪಟ್ಟಿ ಇರ್ತದ. ಆ ಪಟ್ಟಿಯೊಳಗಿನ ರೋಗ, ಆ ಪಟ್ಟಿಯೊಳಗ ಹೇಳಿದ ಮಟ್ಟಕ್ಕ ಬಂದ್ರ, ಪೂರಾ ಐದು ಲಕ್ಷ ಒಮ್ಮೆಲೆ ಕೊಡ್ತಾರ, ಬಿಲ್ ಎಷ್ಟಾತು ಅಂತ ಕೇಳೂದಿಲ್ಲ. ಮಟ್ಟಕ್ಕ ಬರಲಿಲ್ಲಂದ್ರ ಒಂದು ಪೈಸಾ ಇಲ್ಲ. ಸಾಲದ ಜೋಡಿ ಬರೂದು ಹೆಚ್ಚು ಕಡಿಮಿ ಎಲ್ಲಾ ಈ ಎರಡನೇ ಜಾತಿದು. ಜೋಡಿಗೆ ಅಪಘಾತದ್ದು ಒಂದು, ದವಾಖಾನ್ಯಾಗ ಮಲಗಿದ್ರ ದಿನಕ್ಕ ಇಷ್ಟು ಅನ್ನೂದೊಂದು ಸೇರಿಸಿ ಗಂಟು ಕಟ್ಟಿರ್ತಾರ. 'ಐದು ಲಕ್ಷದ ಹೆಲ್ತ್' ಅಂದ್ರ ನಮ್ಮ ಕಿವಿಗೆ ಬಿಲ್ ಕೊಡೂ ವಿಮಾ ಅಂತ ಕೇಳಸ್ತದ, ಕಾಗದದಾಗ ಪಟ್ಟಿ ಇರ್ತದ. ಇಲ್ಲೇ ಎಲ್ಲಾ ಎಡವಟ್ಟು ಆಗೂದು.

ಪಟ್ಟಿಯೊಳಗ ಹೃದಯಾಘಾತ ಇತ್ತಲ್ಲ, ಮತ್ತ ಯಾಕ ಕೊಡಲಿಲ್ಲ ಅಂತ ನೀವು ಕೇಳಬಹುದು. ತಂಗೀನೂ ಇದನ್ನ ಕೇಳಿದ್ಲು. ಪಟ್ಟಿಯೊಳಗ ಬರೇ 'ಹೃದಯಾಘಾತ' ಅಂತ ಇರೂದಿಲ್ಲ, 'ನಿಗದಿತ ತೀವ್ರತೆಯ ಮೊದಲ ಹೃದಯಾಘಾತ' ಅಂತ ಇರ್ತದ. ಅಂದ್ರ ಹೃದಯದ ಸ್ನಾಯುವಿನ ಒಂದು ಭಾಗ ಖರೇನ ಸತ್ತಿರಬೇಕು. ಎದಿನೋವು, ಇಸಿಜಿಯೊಳಗ ಹೊಸಾ ಬದಲಾವಣಿ, ರಕ್ತದಾಗ ಟ್ರೋಪೋನಿನ್ ಅಂಥವು ಏರಿದ್ದು, ಇವೆಲ್ಲಾ ಕಾಗದದ ಮ್ಯಾಲೆ ಕಾಣಬೇಕು. ನಮ್ಮವರದು ಆ ಮಟ್ಟಕ್ಕ ಹೋಗೂದಕ್ಕಿಂತ ಮುಂಚೆನ ದವಾಖಾನಿ ಮುಟ್ಟಿದ್ರು. ಟ್ರೋಪೋನಿನ್ ಏರಿರಲಿಲ್ಲ. ಡಿಸ್ಚಾರ್ಜ್ ಕಾಗದದಾಗ 'ಅನ್‌ಸ್ಟೇಬಲ್ ಆಂಜೈನಾ' ಅಂತ ಬರದಿದ್ರು. ಆಂಜೈನಾ ಅಂದ್ರ ರಕ್ತ ಸಾಲದ ಬರೂ ಎದಿನೋವು. ಅದನ್ನ ಆ ವ್ಯಾಖ್ಯೆಯೊಳಗ ಹೆಸರು ಹಿಡದು ಹೊರಗ ಇಟ್ಟಾರ.

ಹೋಗಲಿ, ಸ್ಟೆಂಟ್ ಹಾಕ್ಯಾರಲ್ಲ? ಪಟ್ಟಿಯೊಳಗ ಇನ್ನೊಂದು ಸಾಲು ಇತ್ತು, 'ಎದಿ ತೆರೆದು ಮಾಡುವ ಬೈಪಾಸ್'. ಆ ಸಾಲಿನ ಕೆಳಗನ, ಆಂಜಿಯೋಪ್ಲಾಸ್ಟಿ ಇದರಾಗ ಬರೂದಿಲ್ಲ ಅಂತ ಸಣ್ಣ ಅಕ್ಷರದಾಗ ಇತ್ತು. ಇದು ಆ ಒಂದು ಕಂಪನಿ ಮಾತಲ್ಲ. ಈ ರೋಗಗಳ ವ್ಯಾಖ್ಯೆ ವಿಮಾ ನಿಯಂತ್ರಣ ಪ್ರಾಧಿಕಾರದವರು, ಐಆರ್‌ಡಿಎಐ ಅಂತಾರಲ್ಲ, ಅವರೇ ಎಲ್ಲಾ ಕಂಪನಿಗೂ ಒಂದೇ ನಮೂನಿ ಮಾಡ್ಯಾರ. ಕೆಲವೊಂದು ಪಾಲಿಸಿಯೊಳಗ ಆಂಜಿಯೋಪ್ಲಾಸ್ಟಿಗೆ ಬ್ಯಾರೆ ಸಾಲು ಹಾಕಿ ಸಣ್ಣ ಮೊತ್ತ ಇಟ್ಟಿರ್ತಾರ, ತಂಗಿ ಕಾಗದದಾಗ ಅದೂ ಇರಲಿಲ್ಲ. ಈಗಿನ ಕಾಲದಾಗ ನಮ್ಮ ಓಣ್ಯಾಗ ನೋಡಿದ್ರ ಬೈಪಾಸ್ ಆದವರು ಒಬ್ರು ಇದ್ರ ಸ್ಟೆಂಟ್ ಹಾಕಿಸಿಕೊಂಡವರು ಆರು ಮಂದಿ ಇದ್ದಾರ. ಆದ್ರ ಪಟ್ಟಿಯೊಳಗ ಬೈಪಾಸ್ ಒಂದ ಅದ.

ಕ್ಯಾನ್ಸರಿಗೂ ಹಂಗ. ಹರಡಲಿಕ್ಕೆ ಶುರು ಮಾಡಿದ ಗಂಟಿಗೆ ಕೊಡ್ತಾರ, ಇನ್ನೂ ಹುಟ್ಟಿದ ಜಾಗಾ ಬಿಟ್ಟು ಒಳಗ ಇಳೀದ, ಭಾಳ ಮೊದಲ ಹಂತದಾಗ ಸಿಕ್ಕದ್ದಕ್ಕ ಕೊಡೂದಿಲ್ಲ. ಲಕ್ವಾ ಹೊಡದು ನಾಲ್ಕು ತಾಸಿನ್ಯಾಗ ಸುಧಾರಿಸಿಕೊಂಡ್ರ ಕೊಡೂದಿಲ್ಲ, ಮೂರು ತಿಂಗಳಾದ ಮ್ಯಾಲೂ ಕೈಕಾಲು ಸ್ವಾಧೀನಕ್ಕ ಬರಲಿಲ್ಲಂದ್ರ ಕೊಡ್ತಾರ. ಲಗೂನ ದವಾಖಾನಿಗೆ ಹೋಗಿ ಲಗೂನ ಆರಾಮ ಆದವರಿಗೆ ಈ ವಿಮಾ ಹತ್ತೂದಿಲ್ಲ, ಹಂಗ ತಿಳಕೊಳ್ರಿ. ಡೆಂಗಿ, ಟೈಫಾಯಿಡ್, ಗರ್ಭಕೋಶದ ಆಪರೇಶನ್, ಪಿತ್ತಕೋಶದ ಹಳ್ಳು, ಕಾಲು ಮುರದದ್ದು, ನಮ್ಮನಿ ನಿಮ್ಮನಿಯೊಳಗ ಖರೇನ ಬರೂವೆಲ್ಲಾ ಪಟ್ಟಿ ಹೊರಗ.

ಆ 3,000 ಹ್ಯಾಂಗ ಬಂತಂದ್ರ, ದವಾಖಾನ್ಯಾಗ ಮಲಗಿದ ದಿನಕ್ಕ 1,000 ಕೊಡೂದು ಅಂತ ಗಂಟಿನ್ಯಾಗ ಇತ್ತಲ್ಲ, ಅದರಿಂದ. ನಾಲ್ಕು ದಿನ ಇದ್ರು. ಮೊದಲನೇ ದಿನ ಲೆಕ್ಕಕ್ಕಿಲ್ಲ ಅಂತ ಕರಾರು. ಮೂರು ದಿನ, ಮೂರು ಸಾವಿರ.

ಈಗ ಇದಕ್ಕ ಅವರು ಎಷ್ಟು ಕೊಟ್ಟಿದ್ರು ಅನ್ನೂದು ಕೇಳ್ರಿ. ಐದು ವರ್ಷದ ಕಂತು ಒಮ್ಮೆಲೆ 48,000 ರೂಪಾಯಿ. ಕೈಯಿಂದ ಕೊಟ್ಟಿದ್ರ ತಂಗಿಗೆ ನೆನಪು ಇರ್ತಿತ್ತು. ಬ್ಯಾಂಕಿನವರು ಅದನ್ನ ಸಾಲಕ್ಕ ಸೇರಿಸಿಬಿಟ್ಟಿದ್ರು. 15 ಲಕ್ಷ ಇದ್ದದ್ದು 15,48,000 ಆತು. ನೂರಕ್ಕ 9ರ ಬಡ್ಡಿಯೊಳಗ 15 ವರ್ಷಕ್ಕ ಆ 48,000ದ್ದು ತಿಂಗಳಿಗೆ 487 ರೂಪಾಯಿ ಹತ್ತರ ಹತ್ತರ ಬೀಳ್ತದ. ದೊಡ್ಡ ಕಂತಿನ್ಯಾಗ ಅದು ಕಾಣಸೂದಿಲ್ಲ. ಬಡ್ಡಿ ದರ ಹಿಂಗ ಇದ್ರ 180 ತಿಂಗಳಿಗೆ ಒಟ್ಟು 87,600ರ ಮ್ಯಾಲೆ ಆಗ್ತದ. ವಿಮಾ ಇರೂದು ಐದು ವರ್ಷ, ಅದರ ಕಂತು ತುಂಬೂದು ಹದಿನೈದು ವರ್ಷ. ನಾ ಇದನ್ನ ನಮ್ಮ ತಂಗಿ ಮಗನ ಕಡಿಂದ ಮೊಬೈಲ್‌ನ್ಯಾಗ ಲೆಕ್ಕ ಮಾಡಿಸಿದೆ. ಆ ಹುಡುಗ "ದೊಡ್ಡವ್ವ, ಇನ್ನೊಮ್ಮೆ ಮಾಡಿ ನೋಡ್ತೀನಿ ತಡಿ" ಅಂತ ಎರಡು ಸರ್ತಿ ಮಾಡಿ ಸುಮ್ಮನಾದ.

ನಮ್ಮ ಹೆಣ್ಣುಮಕ್ಕಳಿಗೆ ಮುಖ್ಯ ಆದದ್ದು ಇನ್ನೊಂದು ಅದ. ಆ ಕಾಗದದಾಗ ತಂಗಿ ಹೆಸರೂ ಇತ್ತು. ಹಂಗಾಗಿ ಅಕಿ ತನಗೂ ವಿಮಾ ಅದ ಅಂತ ತಿಳಕೊಂಡಿದ್ಲು. ನೋಡಿದ್ರ ಅಕಿ ಹೆಸರು ಇದ್ದದ್ದು 'ನಾಮಿನಿ' ಅನ್ನೂ ಸಾಲಿನ್ಯಾಗ. ನಾಮಿನಿ ಅಂದ್ರ ಗಂಡಗ ಏನರ ಆದ್ರ ರೊಕ್ಕ ತಗೊಳ್ಳಿಕ್ಕೆ ಹೆಸರು ಹಚ್ಚಿದವಳು. ಅಕಿಗೆ ಜ್ವರ ಬಂದ್ರ, ಆಪರೇಶನ್ ಆದ್ರ ಅದಕ್ಕ ಸಂಬಂಧ ಇಲ್ಲ. ಸಾಲ ಯಾರ ಹೆಸರಿಲೆ ಅದನೋ ವಿಮಾ ಅವರ ಮ್ಯಾಲೆ ಮಾತ್ರ. 'ಇನ್ಶೂರ್ಡ್ ಮೆಂಬರ್' ಅಂತ ಇರೂ ಸಾಲಿನ್ಯಾಗ ಯಾರ ಹೆಸರು ಅದ ನೋಡ್ರಿ, ಅವರಷ್ಟಕ್ಕ. ಎಷ್ಟೋ ಇಂಥ ಪಾಲಿಸಿಯೊಳಗ ಪಟ್ಟಿಯೊಳಗಿನ ರೋಗ ಬಂದು ರೊಕ್ಕ ಮಂಜೂರಾದ್ರೂ ಅದು ಮೊದಲು ಸಾಲದ ಖಾತೆಗೆ ಹೋಗ್ತದ, ಉಳದದ್ದು ಮನಿಗೆ. ಕೆಲವೊಂದರಾಗ ಸಾಲ ಕರಗಿದಂಗ ವಿಮಾ ಮೊತ್ತನೂ ಕರಗತದ. ಯಾಕಂದ್ರ ಇದು ಹುಟ್ಟಿದ್ದೇ ಬ್ಯಾಂಕಿನ ಸಾಲ ಮುಳಗಬಾರದು ಅಂತ. ಅಸಲ ಪಾಲಿಸಿ ಇರೂದೂ ಬ್ಯಾಂಕಿನ ಹೆಸರಿಲೆ. ಅದಕ್ಕ ಮಾಸ್ಟರ್ ಪಾಲಿಸಿ ಅಂತಾರ. ನಾವು ಅದರಾಗ ಗುಂಪಿನ ಒಬ್ಬ ಸದಸ್ಯರು, ನಮಗ ಸಿಗೂದು ಪಾಲಿಸಿ ಅಲ್ಲ, ಆ ಸರ್ಟಿಫಿಕೇಟ್ ಅಷ್ಟ.

ಸಾಲದ ದಿನ ಮಾಡಿಸಿಕೊಳ್ಳೂ ನಲವತ್ತು ಸಹಿಯೊಳಗ ಒಂದು 'ಆರೋಗ್ಯ ಘೋಷಣೆ' ಅಂತನೂ ಇರ್ತದ. ಸಕ್ಕರಿ, ಬಿಪಿ, ಹೃದಯದ ತೊಂದ್ರಿ ಅದನೋ ಇಲ್ಲೋ ಅಂತ. ತಂಗಿ ಯಜಮಾನ್ರಿಗೆ ಆರು ವರ್ಷದಿಂದ ಸಕ್ಕರಿ ಅದ, ಗುಳಿಗಿ ನುಂಗ್ತಾರ. ಅವರ ಫಾರ್ಮಿನ್ಯಾಗ ಎಲ್ಲಾದಕ್ಕೂ 'ಇಲ್ಲ' ಅಂತ ಕಂಪ್ಯೂಟರಿನ್ಯಾಗನ ಛಾಪಿಸಿ ತಂದಿದ್ರು, ಕೇಳಿರಲೇ ಇಲ್ಲ. ಈ ಸರ್ತಿ ಅಲ್ಲಿ ತನಕಾ ಮಾತು ಹೋಗಲಿಲ್ಲ. ಖರೇನ ದೊಡ್ಡ ಕ್ಲೇಮ್ ಬಂದಿದ್ರ ಕಂಪನಿಯವರು ಮೊದಲು ಹುಡುಕೂದು ಆ ಹಾಳಿನ. ಹಂಗಾಗಿ ಆ ಹಾಳಿ ಬಂದಾಗ ಪೆನ್ನು ಕೆಳಗಿಟ್ಟು ಓದ್ರಿ, ಗುಳಿಗಿ ಹೆಸರು ಸಹಿತ ಬರಸ್ರಿ.

ಕ್ರೆಡಿಟ್ ಕಾರ್ಡಿನ ಕಥಿ ಇನ್ನೂ ತಳ್ಳಗ. ನನ್ನ ಮಗಗ ಫೋನ್ ಬಂದಿತ್ತು. "ಸರ್, ನಮ್ಮ ಕಾರ್ಡಿನವರಿಗಷ್ಟ, ಹತ್ತು ಲಕ್ಷದ ಹೆಲ್ತ್ ಕವರ್, ತಿಂಗಳಿಗೆ ಮುನ್ನೂರು ರೂಪಾಯಿ." ಕಾಗದ ಮೇಲ್ ಮಾಡ್ರಿ ಅಂದ್ರ ಮೊದಲು ಓಟಿಪಿ ಹೇಳ್ರಿ ಅಂದ್ರಂತ. ಅಂವ ಹೇಳಲಿಲ್ಲ. ಆಮ್ಯಾಲೆ ಬಂದ ಕಾಗದದಾಗ ಹತ್ತು ಲಕ್ಷ ಖರೇನ ಇತ್ತು, ಆದ್ರ ಐದು ಲಕ್ಷದ 'ಡಿಡಕ್ಟಿಬಲ್' ಇತ್ತು. ಅಂದ್ರ ಬಿಲ್ಲಿನ ಮೊದಲ ಐದು ಲಕ್ಷ ನೀವು ಕೊಡಬೇಕು, ಅದರ ಮ್ಯಾಲಿಂದಕ್ಕ ಅವರು. ಕೆಳಗ ಬ್ಯಾರೆ ವಿಮಾ ಇದ್ದವರಿಗೆ ಇದು ಚೊಲೊ ವಸ್ತು, ನಾ ಇಲ್ಲ ಅನ್ನೂದಿಲ್ಲ. ಏನೂ ಇಲ್ಲದವರಿಗೆ ತಂಗಿ ಮನಿ ಬಿಲ್ಲಿನಂಥದ್ದು ಬಂದ್ರ ಒಂದು ಪೈಸಾನೂ ಬರೂದಿಲ್ಲ. ಕಾರ್ಡಿನ ಜೋಡಿ ಪುಕಟ ಬರೂ ಅಪಘಾತ ವಿಮಾದಾಗ ಎಷ್ಟೋ ಕಡೆ, ಹಿಂದಿನ ಕೆಲವು ವಾರದಾಗ ಆ ಕಾರ್ಡ್ ಉಪಯೋಗ ಮಾಡಿರಬೇಕು ಅನ್ನೂ ಕರಾರು ಇರ್ತದ. ಕಾರ್ಡ್ ಮುಚ್ಚಿದ ದಿನ ವಿಮಾನೂ ಮುಗೀತು.

ನಮ್ಮ ಪಕ್ಕದ ಮನಿ ಹುಡುಗಿ, ಕನ್ನಡ ಸಾಲಿ ಟೀಚರ್, ಕಳದ ವರ್ಷ 4 ಲಕ್ಷ ಪರ್ಸನಲ್ ಲೋನ್ ತಗೊಂಡ್ಲು. ಖಾತೆಗೆ ಬಂದದ್ದು 3,78,760. "ಮೌಶಿ, ಇದೇನ್ರಿ ಹಿಂಗ?" ಅಂತ ಕಾಗದ ಹಿಡಕೊಂಡು ಬಂದ್ಲು. ಈಗ ಒಂದು ಅನುಕೂಲ ಆಗೇದ. ರಿಸರ್ವ್ ಬ್ಯಾಂಕಿನವರು 2024ರ ಅಕ್ಟೋಬರ್ 1ರಿಂದ ಹೊಸಾ ಸಾಲಕ್ಕೆಲ್ಲಾ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅಂತ ಒಂದು ಕಾಗದ ಕೊಡಲೇಬೇಕು ಅಂತ ಮಾಡ್ಯಾರ. ಅದರಾಗ ಬಡ್ಡಿ, ಫೀ, ಬ್ಯಾರೆಯವರ ಸಲುವಾಗಿ ಬ್ಯಾಂಕು ಹಿಡಕೊಂಡ ರೊಕ್ಕ ಎಲ್ಲಾ ಬಿಡಿಬಿಡಿಯಾಗಿ ಬರೀಬೇಕು. ವಿಮಾದ್ದೂ ಅದರಾಗ ಬರ್ತದ. ತಗದು ನೋಡಿದ್ವಿ. ಪ್ರೋಸೆಸಿಂಗ್ ಫೀ ಜಿಎಸ್‌ಟಿ ಹಿಡದು 9,440. ವಿಮಾ 11,800. ಎರಡೂ ಕೂಡಿದ್ರ ಕಡಿಮಿ ಬಿದ್ದ 21,240 ಸರಿ ಹೊಂದಿತು.

ಅಕಿ ಬ್ಯಾಂಕಿಗೆ ಹೋಗಿ ಕೇಳಿದ್ಲು. "ಮೇಡಂ, ಕಂಪಲ್ಸರಿ ಅದ, ಇಲ್ಲಾಂದ್ರ ಸಿಸ್ಟಮ್ ಮುಂದ ಹೋಗೂದಿಲ್ಲ" ಅಂದ್ರು. ಇದು ಖರೆ ಅಲ್ಲ. ಮನಿ ಸಾಲಕ್ಕ ಕಟ್ಟಡಕ್ಕ ಬೆಂಕಿ-ಗಿಂಕಿ ವಿಮಾ ಬೇಕು ಅಂತ ಬ್ಯಾಂಕು ಕರಾರು ಹಾಕಬಹುದು, ಅದು ಅವರ ಅಡಾ ವಸ್ತು, ಅದನ್ನೂ ನಮಗ ಬೇಕಾದ ಕಂಪನಿಯಿಂದ ತಗೋಬಹುದು. ನಮ್ಮ ಆರೋಗ್ಯದ ವಿಮಾ ತಗೊಂಡ್ರ ಮಾತ್ರ ಸಾಲ ಅಂತ ಜುಲುಮಿ ಮಾಡ್ಲಿಕ್ಕೆ ಬರೂದಿಲ್ಲ. "ಹಂಗಂತ ಬರದು ಕೊಡ್ರಿ" ಅಂತ ಕೇಳು ಅಂತ ಅಣ್ಣ ಹೇಳಿಕೊಟ್ಟ. ಕೇಳಿದ್ಲು. ಯಾರೂ ಬರದು ಕೊಡಲಿಲ್ಲ.

ಅಷ್ಟೊತ್ತಿಗೆ ಸರ್ಟಿಫಿಕೇಟ್ ಬಂದು ಹನ್ನೆರಡು ದಿನ ಆಗಿತ್ತು. ಕಾಗದ ಕೈಗೆ ಬಂದ 30 ದಿನದೊಳಗ ಬ್ಯಾಡಾಂದ್ರ ವಾಪಸ್ ಮಾಡಬಹುದು, ಅದಕ್ಕ 'ಫ್ರೀ ಲುಕ್' ಅಂತಾರ. ಆದ್ರ ಬ್ಯಾಂಕಿಗೆ ಬಾಯಿಲೆ ಹೇಳಿ ಬಂದ್ರ ಆಗೂದಿಲ್ಲ. ಸರ್ಟಿಫಿಕೇಟ್ ಮ್ಯಾಲೆ ವಿಮಾ ಕಂಪನಿದ ಮೇಲ್ ವಿಳಾಸ ಇರ್ತದ, ಅದಕ್ಕ ಬರೀಬೇಕು, ಬ್ಯಾಂಕಿಗೆ ನಕಲು ಕಳಿಸಬೇಕು. ಅಕಿ ಮೂರೇ ಸಾಲು ಬರದ್ಲು: ಸರ್ಟಿಫಿಕೇಟ್ ನಂಬರ್, ಕೈಗೆ ಬಂದ ತಾರೀಖು, ಫ್ರೀ ಲುಕ್ ಅವಧಿಯೊಳಗ ರದ್ದು ಮಾಡ್ರಿ ಅಂತ. ಎರಡು ದಿನದಾಗ ಬ್ಯಾಂಕಿನ ಹುಡುಗ ಫೋನ್ ಮಾಡಿ, "ಮೇಡಂ ಇರಲಿ ಬಿಡ್ರಿ, ಭಾಳ ಚೊಲೊ ಪಾಲಿಸಿ" ಅಂದ. ಅವನ ತಿಂಗಳಿನ ಟಾರ್ಗೆಟ್ ಇರ್ತದ, ಪಾಪ. ಅಕಿ ಮನಸ್ಸು ಬದಲು ಮಾಡಲಿಲ್ಲ. ಮೂರು ವಾರಕ್ಕ, ಆ ಹದಿನೈದು ದಿನದ ಪಾಲು, ಸ್ಟ್ಯಾಂಪಿನ ಖರ್ಚು ಮುರಕೊಂಡು ಉಳದದ್ದು ಬಂತು. ಬಂದದ್ದು ಸಾಲದ ಖಾತೆಗೆ. ಕಂತು ಕಡಿಮಿ ಆಗೂದಿಲ್ಲ, ಅಸಲು ಕಡಿಮಿ ಆಗ್ತದ. ಖಾತೆ ಸ್ಟೇಟ್‌ಮೆಂಟ್ ತರಿಸಿ ಅದು ಅಸಲಿಗೇ ಜಮಾ ಆಗೇದ ಅಂತ ನೋಡಿಕೊಂಡ್ವಿ.

30 ದಿನ ದಾಟಿದವರು ಏನು ಮಾಡಬೇಕು ಅಂದ್ರ, ಕೇಳದ ಹಿಡಕೊಂಡಿದ್ರ ಮೊದಲು ಬ್ಯಾಂಕಿಗೆ ಬರವಣಿಗಿಲೆ ದೂರು, 30 ದಿನದಾಗ ಸರಿ ಮಾಡಲಿಲ್ಲಂದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಕ್ಲೇಮ್ ತಪ್ಪಾಗಿ ನಿರಾಕರಿಸ್ಯಾರ ಅನಸಿದ್ರ ಮೊದಲು ವಿಮಾ ಕಂಪನಿಗೆ ದೂರು, ಆಮ್ಯಾಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ. ಅಲ್ಲಿ ಫೀ ಇಲ್ಲ, ವಕೀಲರು ಬೇಕಾಗಿಲ್ಲ. ತಂಗಿ ಕ್ಲೇಮಿಗೆ ಅಲ್ಲಿಗೆ ಹೋಗೂಣೇನು ಅಂತ ಅಣ್ಣಗ ಕೇಳಿದೆ. ಟ್ರೋಪೋನಿನ್ ರಿಪೋರ್ಟ್ ನೋಡಿ ಬ್ಯಾಡ ಅಂದ.

ಹಂಗಂತ ಆ ಪಟ್ಟಿ ವಿಮಾ ಹರದು ಒಗೀಬೇಕು ಅಂತ ನಾ ಹೇಳೂದಿಲ್ಲ. ಬಿಲ್ ಕೊಡೂ ವಿಮಾ ಇದ್ದವರಿಗೆ ಮ್ಯಾಲಿನ ಆಸರಕ್ಕ ಅದು ಬರ್ತದ, ದೊಡ್ಡ ಕ್ಯಾನ್ಸರ್ ಬಂದು ವರ್ಷಗಟ್ಲೆ ಅಂಗಡಿ ಮುಚ್ಚೂ ಹೊತ್ತು ಬಂದ್ರ ಕಂತು ಕಟ್ಟಲಿಕ್ಕೆ ಆಗ್ತದ. ತಂಗಿ ಮನಿಯೊಳಗೂ ಇಟ್ಟಾರ, ರೊಕ್ಕ ಹೋಗೇ ಹೋಗೇದ, 2028ರ ತನಕಾ ಇರ್ತದ.

ಅವರಿಗೆ ಆದ ಖರೇ ನಷ್ಟ ಆ 48,000 ಅಲ್ಲ. ಬ್ಯಾಂಕಿನ ವಿಮಾ ಅದ ಅಂತ ನಂಬಿ ಎರಡು ವರ್ಷ ಬಿಲ್ ಕೊಡೂ ವಿಮಾ ಮಾಡಸಲಿಲ್ಲಲ್ಲ, ಅದು. ಸ್ಟೆಂಟ್ ಹಾಕಿದ ಮ್ಯಾಲೆ ಎರಡು ಕಂಪನಿಯವರು ಬ್ಯಾಡ ಅಂದ್ರು. ಮೂರನೇದವರು ಹೆಚ್ಚಿನ ಕಂತು ಹೇಳಿ ಒಪ್ಪಿಕೊಂಡ್ರು. 2025ರ ಫೆಬ್ರುವರಿಯೊಳಗ ಗಂಡ-ಹೆಂಡತಿ-ಮಗ ಮೂವರಿಗೂ ಸೇರಿಸಿ ಪಾಲಿಸಿ ಆಗೇದ. ಅದರಾಗ ತಂಗಿ ಹೆಸರು ಈ ಸರ್ತಿ 'ಇನ್ಶೂರ್ಡ್' ಸಾಲಿನ್ಯಾಗ ಅದ. ಅವರ ಹೃದಯಕ್ಕ, ಸಕ್ಕರಿಗೆ ಮಾತ್ರ ಮೂರು ವರ್ಷ ಕಾಯಬೇಕು. ತಂಗಿ 2028ರ ಫೆಬ್ರುವರಿ ತಾರೀಖನ್ನ ಕ್ಯಾಲೆಂಡರ್ ಹಿಂದಿನ ಗ್ವಾಡಿ ಮ್ಯಾಲೆ ಪೆನ್ಸಿಲ್‌ನಿಂದ ಬರದಿಟ್ಟಾಳ. ಬಳಿ ಬಿಡಿಸಿಕೊಳ್ಳೂ ತಾರೀಖೂ ಅದರ ಕೆಳಗನ ಅದ.